ಅಕೌಂಟ್ ಪೇಯಿ ಚೆಕ್ಕು ಬೇರೊಬ್ಬರ ಖಾತೆಗೆ ಏಕೆ ಜಮೆಯಾಗುವುದಿಲ್ಲ?

ಗ್ರಾಮ ಪಂಚಾಯಿತಿಯಿಂದ ಚೆಕ್ ಪಡೆದವರು ಅದನ್ನು ಪತ್ನಿಯ, ಸಹೋದರನ ಅಥವಾ ಪರಿಚಿತರ ಖಾತೆಗೆ ಹಾಕಲು ಹೋಗಿ, ಬ್ಯಾಂಕಿನವರು ತೆಗೆದುಕೊಳ್ಳಲಿಲ್ಲವೆಂದು ಸದಸ್ಯರ ಬಳಿ ದೂರುವುದು ಆಗಾಗ್ಗೆ ನಡೆಯುತ್ತದೆ. ಇಂತಹ ಸಂದರ್ಭದಲ್ಲಿ ಸದಸ್ಯರು ಬ್ಯಾಂಕಿನ ಶಾಖೆಗೆ ಹೋಗಿ ವಾದಿಸುವುದೂ, ಪಂಚಾಯಿತಿಯಿಂದ ಒಂದು ಪತ್ರ ಕೊಡಿಸುವುದೂ ಉಂಟು. ಎರಡರಿಂದಲೂ ಪ್ರಯೋಜನವಾಗುವುದಿಲ್ಲ. ಬ್ಯಾಂಕು ಏಕೆ ನಿರಾಕರಿಸುತ್ತದೆ, ಆಗ ಹಣ ಸೇರಬೇಕಾದವರಿಗೆ ಸೇರುವ ದಾರಿ ಯಾವುದು ಎಂಬುದನ್ನು ಸದಸ್ಯರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಇಂದು ಪಂಚಾಯಿತಿಯ ಹೆಚ್ಚಿನ ಪಾವತಿಗಳು ಡಿಜಿಟಲ್ ಸಹಿಯ ಮೂಲಕ ನೇರವಾಗಿ ಖಾತೆಗೆ ಹೋಗುತ್ತಿವೆ. ಆದರೂ ಸ್ವಂತ ಸಂಪನ್ಮೂಲದ ಖಾತೆಯಿಂದ ಮಾಡುವ ಸಣ್ಣ ಪುಟ್ಟ ಪಾವತಿಗಳಲ್ಲಿ, ಅಂದರೆ ಮೋಟಾರು ದುರಸ್ತಿ, ಬೀದಿ ದೀಪದ ಸಾಮಗ್ರಿ, ಮುದ್ರಣ, ಠೇವಣಿ ವಾಪಸಾತಿ ಮುಂತಾದವುಗಳಲ್ಲಿ, ಚೆಕ್ ಇನ್ನೂ ಬಳಕೆಯಲ್ಲಿದೆ. ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿಯ ಜಂಟಿ ಸಹಿಯಿರುವ ಈ ಚೆಕ್ಕುಗಳ ಎಡ ಮೇಲ್ಭಾಗದಲ್ಲಿ ಎರಡು ಓರೆ ಗೀಟುಗಳನ್ನು ಎಳೆದು, ಅವುಗಳ ನಡುವೆ ‘ಅಕೌಂಟ್ ಪೇಯಿ’ ಎಂದು ಬರೆದಿರುತ್ತಾರೆ. ಈ ಲೇಖನದ ವಿಷಯವೆಲ್ಲ ಆ ಎರಡು ಪದಗಳಲ್ಲಿಯೇ ಇದೆ.

ಒಂದು ಪ್ರಕರಣವನ್ನು ತೆಗೆದುಕೊಳ್ಳಬಹುದು. ಒಂದು ಗ್ರಾಮ ಪಂಚಾಯಿತಿಯಲ್ಲಿ ಕುಡಿಯುವ ನೀರಿನ ಕೊಳವೆ ಬಾವಿಯ ಮೋಟಾರು ಸುಟ್ಟಿತು. ಊರಿನವನೇ ಆದ ರಿಪೇರಿಗಾರನು ಮೋಟಾರನ್ನು ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಕೇಬಲ್ ಬದಲಿಸಿ ಮತ್ತೆ ಇಳಿಸಿದನು. ಆತನ ಬಿಲ್ಲು ₹38,400. ಬಿಲ್ಲು ಅಂಗೀಕಾರವಾಗಿ ಫೆಬ್ರವರಿ 12ರ ದಿನಾಂಕದ ಅಕೌಂಟ್ ಪೇಯಿ ಚೆಕ್ಕು ಆತನ ಹೆಸರಿಗೆ ದೊರೆಯಿತು.

ಆತನ ಖಾತೆಯಿರುವ ಬ್ಯಾಂಕಿನಲ್ಲಿಯೇ ಆತನ ಹೆಸರಿನಲ್ಲಿ ಒಂದು ಬೆಳೆ ಸಾಲವೂ ಬಾಕಿಯಿತ್ತು. ಚೆಕ್ಕನ್ನು ಅಲ್ಲಿಗೆ ಹಾಕಿದರೆ ಹಣ ಸಾಲಕ್ಕೆ ಹೊಂದಾಣಿಕೆಯಾಗಿಬಿಡಬಹುದು, ವೈಂಡಿಂಗ್ ಅಂಗಡಿಗೂ ಕೇಬಲ್ ತಂದ ಅಂಗಡಿಗೂ ಕೊಡಬೇಕಾದ ಹಣ ಕೈಗೆ ಸಿಗುವುದಿಲ್ಲ ಎಂಬುದು ಆತನ ಆತಂಕವಾಗಿತ್ತು. ಆದ್ದರಿಂದ ಆತನು ಚೆಕ್ಕಿನ ಹಿಂಭಾಗದಲ್ಲಿ ‘ಇದನ್ನು ಇಂತಹವರಿಗೆ ಕೊಡಿ’ ಎಂದು ಬರೆದು ಸಹಿ ಮಾಡಿ, ಅದನ್ನು ತನ್ನ ಭಾವಮೈದುನನಿಗೆ ಕೊಟ್ಟನು. ಭಾವಮೈದುನನು ತನ್ನ ಖಾತೆಯಿರುವ ಮತ್ತೊಂದು ಬ್ಯಾಂಕಿಗೆ ಅದನ್ನು ಕೊಂಡೊಯ್ದಾಗ, ಕೌಂಟರಿನಲ್ಲಿದ್ದವರು ಚೆಕ್ಕನ್ನು ತಿರುಗಿಸಿ ನೋಡಿ, ಇದು ಆಗುವುದಿಲ್ಲವೆಂದು ಹಿಂದಿರುಗಿಸಿದರು.

ವಾರ್ಡಿನ ಸದಸ್ಯರು ಮರುದಿನ ಪಂಚಾಯಿತಿಗೆ ಬಂದರು. ‘ಹಣ ಪಂಚಾಯಿತಿಯದು, ಕೆಲಸ ಅವನದು, ತಾನೇ ಸಹಿ ಮಾಡಿ ಬಾವನಿಗೆ ಕೊಟ್ಟಿದ್ದಾನೆ. ನಡುವೆ ಬ್ಯಾಂಕಿನವರಿಗೆ ಏನು ಕಷ್ಟ ಸಾರ್?’ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ರಿಪೇರಿಗಾರನಿಗೆ ಹಣ ಬಾರದಿದ್ದರೆ ಮುಂದಿನ ಮೋಟಾರು ಸುಟ್ಟಾಗ ಆತನು ಕರೆದ ಕೂಡಲೇ ಬರುವುದಿಲ್ಲ. ಬೇಸಿಗೆಯಲ್ಲಿ ಇದರ ಪರಿಣಾಮ ಏನೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ.

ಉತ್ತರಕ್ಕಾಗಿ ಮೊದಲು ಗೀಟುಗಳ ಅರ್ಥವನ್ನು ತಿಳಿಯಬೇಕು. ಗೀಟಿಲ್ಲದ ಚೆಕ್ಕನ್ನು ಬ್ಯಾಂಕಿನ ಕೌಂಟರಿನಲ್ಲಿ ಕೊಟ್ಟು ನಗದು ಪಡೆಯಬಹುದು. ಎರಡು ಗೀಟುಗಳನ್ನು ಎಳೆದ ಕ್ಷಣದಿಂದ ಆ ಸೌಲಭ್ಯ ಇರುವುದಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಅಂತಹ ಚೆಕ್ಕಿನ ಹಣವನ್ನು ಒಂದು ಬ್ಯಾಂಕಿನ ಮೂಲಕವೇ, ಅಂದರೆ ಯಾವುದಾದರೊಂದು ಖಾತೆಯ ಮೂಲಕವೇ ಪಡೆಯಬೇಕು. ಆದರೆ ಯಾರ ಖಾತೆ ಎಂಬುದನ್ನು ಬರಿಯ ಗೀಟುಗಳು ಹೇಳುವುದಿಲ್ಲ. ಹೆಸರಿರುವವರು ಹಿಂಭಾಗದಲ್ಲಿ ಬರೆದು ಸಹಿ ಮಾಡಿ ಚೆಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಪದ್ಧತಿಗೆ ಕಾನೂನಿನಲ್ಲಿ ಅವಕಾಶವಿದೆ, ಇದನ್ನು ಹಿಂಬರಹವೆನ್ನುತ್ತಾರೆ. ವ್ಯಾಪಾರಸ್ಥರು ಹಿಂದೆ ಒಂದೇ ಚೆಕ್ಕನ್ನು ಮೂರು ನಾಲ್ಕು ಕೈ ದಾಟಿಸುತ್ತಿದ್ದುದು ಹೀಗೆಯೇ. ರಿಪೇರಿಗಾರನು ಮಾಡಿದ್ದೂ ಅದನ್ನೇ. ಆತನು ಅಪರಾಧವನ್ನೇನೂ ಮಾಡಲಿಲ್ಲ. ಹಿಂಬರಹಕ್ಕೆ ಅವಕಾಶವಿಲ್ಲದ ಚೆಕ್ಕಿನ ಮೇಲೆ ಹಿಂಬರಹ ಮಾಡಿದನು, ಅಷ್ಟೇ.

ಗೀಟುಗಳ ನಡುವೆ ‘ಅಕೌಂಟ್ ಪೇಯಿ’ ಎಂದು ಸೇರಿಸಿದಾಗ ಆ ಅವಕಾಶ ಮುಚ್ಚುತ್ತದೆ. ಚೆಕ್ಕಿನ ಮೇಲೆ ಯಾರ ಹೆಸರಿದೆಯೋ ಅವರ ಖಾತೆಗೆ ಮಾತ್ರ ಹಣ ಸೇರಬೇಕು ಎಂಬುದು ಇದರ ಅರ್ಥ. ಸ್ವಾರಸ್ಯವೆಂದರೆ, 1881ರ ಕಾಯ್ದೆಯಲ್ಲಿ ರೇಖಿತ ಚೆಕ್ಕಿನ ಕಲಮುಗಳಿದ್ದರೂ ‘ಅಕೌಂಟ್ ಪೇಯಿ’ ಎಂಬ ಗೀಟಿನ ಬಗ್ಗೆ ಅವುಗಳಲ್ಲಿ ಮಾತಿಲ್ಲ. ಅದು ವ್ಯವಹಾರದ ರೂಢಿಯಿಂದ ಬಂದು, ನ್ಯಾಯಾಲಯಗಳ ಮತ್ತು ರಿಸರ್ವ್ ಬ್ಯಾಂಕಿನ ಮಾನ್ಯತೆಯಿಂದ ಗಟ್ಟಿಯಾದ ಸೂಚನೆ.

ಈ ಸೂಚನೆ ಯಾರಿಗೆ ಎಂಬುದು ಮುಖ್ಯ. ಸದಸ್ಯರಲ್ಲಿ ಹಲವರು ಇದನ್ನು ಪಂಚಾಯಿತಿಯ ಬ್ಯಾಂಕಿಗೆ, ಅಂದರೆ ಹಣ ಕೊಡುವ ಬ್ಯಾಂಕಿಗೆ ನೀಡಿದ ಸೂಚನೆಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಹಣವನ್ನು ವಸೂಲು ಮಾಡಿ ಗ್ರಾಹಕರ ಖಾತೆಗೆ ಹಾಕುವ ಬ್ಯಾಂಕಿಗೆ ನೀಡಿದ ಸೂಚನೆ. ಇದಕ್ಕೆ ಕಾರಣ ಚೆಕ್ಕು ಸಾಗುವ ದಾರಿಯಲ್ಲಿದೆ. ಇಂದು ಚೆಕ್ಕಿನ ಕಾಗದವು ಒಂದು ಬ್ಯಾಂಕಿನಿಂದ ಮತ್ತೊಂದು ಬ್ಯಾಂಕಿಗೆ ಪ್ರಯಾಣ ಮಾಡುವುದಿಲ್ಲ. ಜಮೆ ಮಾಡಿಕೊಂಡ ಬ್ಯಾಂಕಿನಲ್ಲಿಯೇ ಅದನ್ನು ಸ್ಕ್ಯಾನ್ ಮಾಡಿ, ಚಿತ್ರವನ್ನು ಮಾತ್ರ ತೀರುವೆ ವ್ಯವಸ್ಥೆಯ ಮೂಲಕ ಪಂಚಾಯಿತಿಯ ಬ್ಯಾಂಕಿಗೆ ಕಳುಹಿಸುತ್ತಾರೆ. ಪಂಚಾಯಿತಿಯ ಬ್ಯಾಂಕು ಆ ಚಿತ್ರದಲ್ಲಿ ಸಹಿಗಳು, ದಿನಾಂಕ, ಮೊತ್ತ ಸರಿಯಿವೆಯೇ, ಖಾತೆಯಲ್ಲಿ ಹಣವಿದೆಯೇ ಎಂದು ನೋಡಬಲ್ಲದು. ಆದರೆ ಅತ್ತ ಕಡೆಯ ಬ್ಯಾಂಕಿನಲ್ಲಿ ಹಣ ಯಾವ ಹೆಸರಿನ ಖಾತೆಗೆ ಹೋಗುತ್ತಿದೆ ಎಂಬುದನ್ನು ಅದು ಪರಿಶೀಲಿಸಲಾರದು. ಆ ಖಾತೆಯ ಹೆಸರು, ವಿಳಾಸ, ಗುರುತಿನ ದಾಖಲೆ ಇರುವುದು ಜಮೆ ಮಾಡಿಕೊಂಡ ಬ್ಯಾಂಕಿನ ಬಳಿ ಮಾತ್ರ. ಹೀಗಾಗಿ ಚೆಕ್ಕಿನ ಮೇಲಿರುವ ಹೆಸರನ್ನು ಖಾತೆಯ ಹೆಸರಿನೊಡನೆ ಹೋಲಿಸಿ ನೋಡುವ ಒಂದೇ ಜಾಗ ಆ ಕೌಂಟರು. ಅಲ್ಲಿ ಬಿಟ್ಟರೆ ಮುಂದೆ ಎಲ್ಲಿಯೂ ಹಿಡಿಯುವವರಿಲ್ಲ.

ಜಮೆ ಮಾಡಿಕೊಂಡ ಬ್ಯಾಂಕಿಗೆ ಇದರಲ್ಲಿ ಸ್ವಂತ ಅಪಾಯವೂ ಇದೆ. ಹಕ್ಕಿಲ್ಲದವರ ಖಾತೆಗೆ ಹಣ ಹಾಕಿದ ಬ್ಯಾಂಕಿನ ಮೇಲೆ ನಿಜವಾದ ಹಕ್ಕುದಾರರು ಆ ಮೊತ್ತಕ್ಕಾಗಿ ದಾವೆ ಹೂಡಬಹುದು. ಕಾಯ್ದೆಯ 131ನೇ ಕಲಂ ಬ್ಯಾಂಕಿಗೆ ಇಲ್ಲಿ ರಕ್ಷಣೆ ನೀಡುತ್ತದೆ. ಆದರೆ ಬ್ಯಾಂಕು ಸದ್ಭಾವನೆಯಿಂದ ಮತ್ತು ನಿರ್ಲಕ್ಷ್ಯವಿಲ್ಲದೆ ವರ್ತಿಸಿದ್ದರೆ ಮಾತ್ರ. ‘ಅಕೌಂಟ್ ಪೇಯಿ’ ಎಂದು ಮುಖದ ಮೇಲೆಯೇ ಬರೆದಿರುವ ಚೆಕ್ಕನ್ನು ಬೇರೆ ಹೆಸರಿನ ಖಾತೆಗೆ ಹಾಕಿದ ಬಳಿಕ ನಿರ್ಲಕ್ಷ್ಯವಿರಲಿಲ್ಲವೆಂದು ವಾದಿಸುವುದು ಕಷ್ಟ. ಹಾಗಾದಾಗ ಬ್ಯಾಂಕು ಕೈಯಿಂದ ಹಣ ತೆರಬೇಕಾಗುತ್ತದೆ.

ಇಷ್ಟಿದ್ದರೂ 2006ಕ್ಕಿಂತ ಮೊದಲು ಕೆಲವು ಬ್ಯಾಂಕುಗಳು ಪರಿಚಯದ ಗ್ರಾಹಕರಿಗೆ ಇದನ್ನು ಮಾಡಿಕೊಡುತ್ತಿದ್ದವು. ಹಿರಿಯ ಸದಸ್ಯರು ‘ಹಿಂದೆ ಆಗುತ್ತಿತ್ತಲ್ಲ’ ಎಂದು ಹೇಳುವುದು ಸುಳ್ಳಲ್ಲ. ಅದು ನಿಂತದ್ದು ಷೇರು ಮಾರುಕಟ್ಟೆಯಲ್ಲಿ ನಡೆದ ಒಂದು ದೊಡ್ಡ ಅಕ್ರಮದಿಂದ. ಕಂಪನಿಗಳು ಸಾರ್ವಜನಿಕರಿಗೆ ಮೊದಲ ಬಾರಿಗೆ ಷೇರು ನೀಡುವಾಗ ಸಣ್ಣ ಹೂಡಿಕೆದಾರರಿಗೆಂದು ಒಂದು ಪಾಲನ್ನು ಮೀಸಲಿಡುತ್ತವೆ. 2003ರಿಂದ 2005ರ ಅವಧಿಯಲ್ಲಿ ಕೆಲವರು ಈ ಪಾಲನ್ನು ಕಬಳಿಸಲು ಸಾವಿರಾರು ಸುಳ್ಳು ಹೆಸರುಗಳಲ್ಲಿ ಅರ್ಜಿ ಹಾಕಿದ್ದುದು ಸೆಬಿಯ ತನಿಖೆಯಿಂದ ಹೊರಬಂದಿತು. ಷೇರು ಸಿಗದ ಅರ್ಜಿಗಳ ಹಣ ಆಯಾ ಅರ್ಜಿದಾರರ ಹೆಸರಿಗೆ, ಅಕೌಂಟ್ ಪೇಯಿ ಗೀಟಿನೊಡನೆ, ಹಿಂದಿರುಗಬೇಕು. ಅರ್ಜಿದಾರರೇ ಇಲ್ಲದ ಮೇಲೆ ಆ ಹಣ ಯಾರಿಗೂ ಸಿಗಬಾರದಿತ್ತು. ಆದರೆ ಕೆಲವು ಬ್ಯಾಂಕುಗಳು ಅವನ್ನು ಒಟ್ಟಾಗಿ ಬೇರೆಯವರ ಖಾತೆಗಳಿಗೆ ಜಮೆ ಮಾಡಿದವು. ಗೀಟಿನ ಮಾತನ್ನು ಬ್ಯಾಂಕುಗಳು ಪಾಲಿಸಿದ್ದರೆ ಸುಳ್ಳು ಹೆಸರುಗಳಲ್ಲಿ ಹಾಕಿದ ಹಣ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಇಡೀ ಯೋಜನೆ ಅಷ್ಟಕ್ಕೇ ಕುಸಿಯುತ್ತಿತ್ತು.

ಇದರ ನಂತರ 2006ರ ಜನವರಿ 23ರಂದು ಭಾರತೀಯ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸ್ಪಷ್ಟ ನಿರ್ದೇಶನ ನೀಡಿತು. ಅಕೌಂಟ್ ಪೇಯಿ ಚೆಕ್ಕನ್ನು ಅದರಲ್ಲಿ ಹೆಸರಿರುವವರ ಹೊರತು ಬೇರೆ ಯಾರ ಖಾತೆಗೂ ವಸೂಲು ಮಾಡಬಾರದು. ಚೆಕ್ ಕೊಟ್ಟವರು ಅಥವಾ ಪಡೆದವರು ಬೇರೆ ಖಾತೆಗೆ ಹಾಕಿರೆಂದು ಕೇಳಿಕೊಂಡರೂ ಬ್ಯಾಂಕು ಅದರಂತೆ ನಡೆಯಬಾರದು. ಚೆಕ್ಕನ್ನು ಅಥವಾ ಅದರ ಮೇಲಿನ ಅಕೌಂಟ್ ಪೇಯಿ ಸೂಚನೆಯನ್ನು ಚೆಕ್ ಕೊಟ್ಟವರಿಂದಲೇ ಹಿಂತೆಗೆಸಿಕೊಂಡು ಬರುವಂತೆ ಹೇಳಬೇಕು. ಸದಸ್ಯರು ಗಮನಿಸಬೇಕಾದ ಅಂಶ ಇದೇ. ಶಾಖೆಯ ವ್ಯವಸ್ಥಾಪಕರಿಗೆ ಇದರಲ್ಲಿ ವಿವೇಚನೆಯ ಅಧಿಕಾರವಿಲ್ಲ. ಆದ್ದರಿಂದ ಪಂಚಾಯಿತಿಯ ಮೊಹರು ಹಾಕಿದ, ಅಧ್ಯಕ್ಷರ ಸಹಿಯಿರುವ ಶಿಫಾರಸು ಪತ್ರಕ್ಕೂ ಅಲ್ಲಿ ಬೆಲೆಯಿಲ್ಲ. ಬ್ಯಾಂಕಿನವರು ಕಿರುಕುಳ ಕೊಡುತ್ತಿದ್ದಾರೆ ಎಂಬ ಭಾವನೆ ಸಹಜವಾದರೂ, ಇಲ್ಲಿ ಅವರು ಆದೇಶವನ್ನು ಪಾಲಿಸುತ್ತಿದ್ದಾರೆ.

ಹಾಗಾದರೆ ಪಂಚಾಯಿತಿಯೇ ಗೀಟನ್ನು ರದ್ದು ಮಾಡಿಕೊಡಬಹುದಲ್ಲ ಎಂಬ ಸಲಹೆ ಮುಂದೆ ಬರುತ್ತದೆ. ಕಾಗದದ ಮೇಲೆ ಇದಕ್ಕೆ ದಾರಿಯಿದೆ. ಆದರೆ ಗ್ರಾಮ ಪಂಚಾಯಿತಿ ಇದನ್ನು ಮಾಡುವುದು ಸರಿಯಲ್ಲ. ಗೀಟು ತೆಗೆದ ಚೆಕ್ಕಿನ ಹಣ ನಗದಾಗಿ ಯಾರ ಕೈಗೆ ಹೋಯಿತೆಂಬುದಕ್ಕೆ ಪಂಚಾಯಿತಿಯ ಬಳಿ ದಾಖಲೆ ಉಳಿಯುವುದಿಲ್ಲ. ಬಿಲ್ಲು ರಿಪೇರಿಗಾರನದು, ಹಣ ಪಡೆದವನು ಇನ್ನೊಬ್ಬ ಎಂದು ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬಂದರೆ ಸಹಿ ಮಾಡಿದ ಇಬ್ಬರೂ ಉತ್ತರಿಸಬೇಕು. ಅಲ್ಲದೆ ಚಿತ್ರದ ಮೂಲಕ ತೀರುವೆಯಾಗುವ ಚೆಕ್ಕುಗಳಲ್ಲಿ ದಿನಾಂಕದ ನವೀಕರಣವನ್ನು ಬಿಟ್ಟು ಬೇರೆ ತಿದ್ದುಪಡಿಗಳನ್ನು ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಹೆಸರನ್ನು ಹೊಡೆದು ಭಾವಮೈದುನನ ಹೆಸರು ಬರೆದು ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದರೆ ಆ ಚೆಕ್ಕು ಮರಳಿ ಬರುವುದೇ ಹೆಚ್ಚು.

ಭಾವಮೈದುನನ ಹೆಸರಿಗೇ ಹೊಸ ಚೆಕ್ ಕೊಡಬಹುದೇ? ಆತನು ಪಂಚಾಯಿತಿಗೆ ಯಾವ ಕೆಲಸವನ್ನೂ ಮಾಡಿಲ್ಲ, ಯಾವ ಬಿಲ್ಲನ್ನೂ ಸಲ್ಲಿಸಿಲ್ಲ. ರಿಪೇರಿಗಾರನ ಒಪ್ಪಿಗೆ ಪತ್ರವಿದ್ದರೂ ವೋಚರಿನ ಹೆಸರು ಒಂದು, ಚೆಕ್ಕಿನ ಹೆಸರು ಮತ್ತೊಂದು ಆಗುತ್ತದೆ. ಸದಸ್ಯರು ಒಂದು ಕ್ಷಣ ಇದನ್ನು ತಿರುಗಿಸಿ ನೋಡಬೇಕು: ಫಲಾನುಭವಿಗಳ ಹೆಸರಿನ ಹತ್ತು ಚೆಕ್ಕುಗಳನ್ನು ಹಿಂಭಾಗದ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿನ ಬಲದಿಂದ ಒಬ್ಬ ಮಧ್ಯವರ್ತಿ ತನ್ನ ಖಾತೆಗೆ ಹಾಕಿಕೊಳ್ಳಲು ಸಾಧ್ಯವಿದ್ದಿದ್ದರೆ ಏನಾಗುತ್ತಿತ್ತು? ರಿಪೇರಿಗಾರನಿಗೆ ಇಂದು ಅಡ್ಡಿಯಾದ ಗೀಟೇ ಅಂತಹ ಕಡೆ ಬಡವರ ಹಣವನ್ನು ಕಾಯುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಒಳ್ಳೆಯ ಭಾವಮೈದುನ ಯಾರು, ಮಧ್ಯವರ್ತಿ ಯಾರು ಎಂದು ತಿಳಿಯುವ ಉಪಾಯವಿಲ್ಲ.

ಮೇಲಿನ ಪ್ರಕರಣ ಬಗೆಹರಿದ ರೀತಿ ಸರಳವಾದದ್ದು. ಚೆಕ್ಕು ಒಂದು ನಿರ್ದಿಷ್ಟ ಖಾತೆಗೆ ಬರೆದದ್ದಲ್ಲ, ಒಬ್ಬ ವ್ಯಕ್ತಿಗೆ ಬರೆದದ್ದು. ಆ ವ್ಯಕ್ತಿಯ ಹೆಸರಿನ ಖಾತೆ ಯಾವ ಬ್ಯಾಂಕಿನಲ್ಲಿದ್ದರೂ ಆದೀತು. ಅಭಿವೃದ್ಧಿ ಅಧಿಕಾರಿಯು ಇದನ್ನು ವಿವರಿಸಿದ ಮೇಲೆ ರಿಪೇರಿಗಾರನು ಭಾವಮೈದುನನ ಬ್ಯಾಂಕಿನಲ್ಲಿಯೇ ತನ್ನ ಹೆಸರಿಗೆ ಒಂದು ಉಳಿತಾಯ ಖಾತೆಯನ್ನು ತೆರೆದನು. ಕನಿಷ್ಠ ಠೇವಣಿಯ ಅಗತ್ಯವಿಲ್ಲದ ಮೂಲ ಉಳಿತಾಯ ಖಾತೆಯ ಸೌಲಭ್ಯ ಎಲ್ಲ ಬ್ಯಾಂಕುಗಳಲ್ಲಿಯೂ ಇದೆ. ಹಿಂಭಾಗದಲ್ಲಿ ತಾನು ಬರೆದದ್ದನ್ನು ಆತನು ಹೊಡೆದುಹಾಕಿ ಸಹಿ ಮಾಡಿದನು. ಚೆಕ್ಕಿನ ಮುಖದಲ್ಲಿ ಏನನ್ನೂ ಮುಟ್ಟಿರಲಿಲ್ಲವಾದ್ದರಿಂದ ಬ್ಯಾಂಕು ಅದನ್ನು ಸ್ವೀಕರಿಸಿತು. ಮಾರ್ಚ್ ತಿಂಗಳಲ್ಲಿ ಹಣ ಜಮೆಯಾಯಿತು. ಬೆಳೆ ಸಾಲದ ಬಾಕಿ ಆತನ ಮತ್ತು ಆ ಬ್ಯಾಂಕಿನ ನಡುವಿನ ವಿಷಯವಾಗಿ ಉಳಿಯಿತು; ಅದು ತೀರಿತೆಂದು ಯಾರೂ ಭಾವಿಸಬಾರದು, ಆದರೆ ಅದರಲ್ಲಿ ಪಂಚಾಯಿತಿ ತಲೆಹಾಕುವ ಕಾರಣವೂ ಇಲ್ಲ.

ಆತನು ಇನ್ನೂ ಎರಡು ತಿಂಗಳು ಓಡಾಡಿದ್ದರೆ ಮತ್ತೊಂದು ತೊಂದರೆ ಎದುರಾಗುತ್ತಿತ್ತು. 2012ರ ಏಪ್ರಿಲ್ 1ರಿಂದ ಚೆಕ್ಕಿನ ಅವಧಿ ಅದರ ದಿನಾಂಕದಿಂದ ಮೂರು ತಿಂಗಳು ಮಾತ್ರ. ಫೆಬ್ರವರಿ 12ರ ಚೆಕ್ಕನ್ನು ಮೇ ತಿಂಗಳ ಕೊನೆಯಲ್ಲಿ ಸ್ವಂತ ಖಾತೆಗೆ ಹಾಕಿದರೂ ಅದು ಮರಳಿ ಬರುತ್ತದೆ. ಆದ್ದರಿಂದ ಯಾರಾದರೂ ಚೆಕ್ ಹಿಡಿದು ಸದಸ್ಯರ ಬಳಿಗೆ ಬಂದಾಗ ಮೊದಲು ನೋಡಬೇಕಾದದ್ದು ದಿನಾಂಕ, ಆಮೇಲೆ ಹೆಸರು.

ಹೆಸರಿನ ವಿಷಯದಲ್ಲಿ ಭಾವಮೈದುನನ ಪ್ರಸಂಗಕ್ಕಿಂತಲೂ ಹೆಚ್ಚಾಗಿ ಕಾಣುವುದು ಅಂಗಡಿಯ ಹೆಸರಿನ ತೊಡಕು. ಬಿಲ್ಲಿನ ತಲೆಬರಹದಲ್ಲಿ ಅಂಗಡಿಯ ಹೆಸರಿರುತ್ತದೆ, ಕಚೇರಿಯಲ್ಲಿ ಅದನ್ನೇ ನೋಡಿ ಚೆಕ್ ಬರೆಯುತ್ತಾರೆ. ಅಂಗಡಿಯವರಿಗೆ ಆ ಹೆಸರಿನಲ್ಲಿ ಖಾತೆಯೇ ಇರುವುದಿಲ್ಲ, ಇರುವುದು ಮಾಲೀಕರ ಸ್ವಂತ ಹೆಸರಿನ ಉಳಿತಾಯ ಖಾತೆ. ಒಬ್ಬರೇ ನಡೆಸುವ ಅಂಗಡಿಗೂ ಅದರ ಮಾಲೀಕರಿಗೂ ಕಾನೂನಿನ ದೃಷ್ಟಿಯಲ್ಲಿ ಭೇದವಿಲ್ಲವೆಂದು ವಾದಿಸಬಹುದು. ಆದರೆ ಆ ಹೆಸರಿನ ಅಂಗಡಿ ಈ ಖಾತೆದಾರರದ್ದೇ, ಇದರಲ್ಲಿ ಪಾಲುದಾರರು ಬೇರೆ ಇಲ್ಲ ಎಂಬುದಕ್ಕೆ ಬ್ಯಾಂಕಿನಲ್ಲಿ ದಾಖಲೆಯಿರುವುದಿಲ್ಲ. ಹೀಗಾಗಿ ಸಾಮಾನ್ಯವಾಗಿ ನಿರಾಕರಿಸುತ್ತಾರೆ. ಇದಕ್ಕೆ ಪರಿಹಾರ ಚೆಕ್ ಬರೆಯುವ ಮೊದಲೇ ಇದೆ. ಬಿಲ್ಲಿನ ಜೊತೆಯಲ್ಲಿ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನು ಪಡೆದು, ಅದರಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಚೆಕ್ಕಿನಲ್ಲಿ ಬರೆದರೆ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಅಂಗಡಿಯ ಹೆಸರಿನ ಬಿಲ್ಲಿಗೆ ಮಾಲೀಕರ ಹೆಸರಿನ ಚೆಕ್ ಕೊಡಬೇಕಾದರೆ, ತಾವೇ ಏಕೈಕ ಮಾಲೀಕರೆಂದು ತೋರಿಸುವ ಪರವಾನಗಿ ಅಥವಾ ನೋಂದಣಿಯ ಪ್ರತಿಯನ್ನು ವೋಚರಿಗೆ ಲಗತ್ತಿಸಬೇಕು. ಇನಿಷಿಯಲ್ಲು ಹಿಂದುಮುಂದಾದದ್ದು, ಒಂದು ಅಕ್ಷರ ತಪ್ಪಿದ್ದು ಮುಂತಾದ ಸಣ್ಣ ವ್ಯತ್ಯಾಸಗಳನ್ನು ಬ್ಯಾಂಕಿನವರು ಗುರುತಿನ ದಾಖಲೆ ನೋಡಿ ಒಪ್ಪುವುದುಂಟು, ಅದನ್ನೇ ನಂಬಿಕೊಂಡಿರಬಾರದು. ಗಂಡ ಹೆಂಡತಿಯ ಜಂಟಿ ಖಾತೆಯಲ್ಲಿ ಚೆಕ್ಕಿನಲ್ಲಿ ಹೆಸರಿರುವವರು ಒಬ್ಬ ಖಾತೆದಾರರಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಹೆಸರು ತಪ್ಪಾಗಿದ್ದು ಚೆಕ್ಕು ಜಮೆಯಾಗದೆ ಹಿಂದಿರುಗಿದರೆ, ಪಡೆದವರು ಅದನ್ನು ಒಂದು ಮನವಿಯೊಡನೆ ಪಂಚಾಯಿತಿಗೆ ಮರಳಿಸಬೇಕು. ಮೂಲ ಚೆಕ್ಕು ಕೈಗೆ ಬಾರದೆ ಹೊಸದನ್ನು ಕೊಡುವುದು ಅಪಾಯ. ಒಂದೇ ಬಿಲ್ಲಿಗೆ ಎರಡು ಚೆಕ್ಕುಗಳು ಊರಿನಲ್ಲಿ ಓಡಾಡಿದಂತಾಗುತ್ತದೆ. ಮೂಲ ಚೆಕ್ಕು ಕಳೆದುಹೋಗಿದ್ದರೆ ಮೊದಲು ಬ್ಯಾಂಕಿಗೆ ಲಿಖಿತವಾಗಿ ಪಾವತಿ ತಡೆ ನೀಡಿ, ಅಲ್ಲಿಯವರೆಗೆ ಹಣ ಹೋಗಿಲ್ಲವೆಂಬುದನ್ನು ಖಾತೆಯ ವಿವರದಲ್ಲಿ ಖಚಿತಪಡಿಸಿಕೊಳ್ಳಬೇಕು. ಮರಳಿ ಬಂದ ಚೆಕ್ಕಿನ ಮೇಲೆ ‘ರದ್ದು’ ಎಂದು ಬರೆದು ಕೌಂಟರ್‌ಫಾಯಿಲಿಗೆ ಲಗತ್ತಿಸಿ, ನಗದು ಪುಸ್ತಕದಲ್ಲಿ ಅದನ್ನು ನಮೂದಿಸಿದ ಮೇಲೆ ಸರಿಯಾದ ಹೆಸರಿಗೆ ಹೊಸ ಚೆಕ್ ಕೊಡಬಹುದು. ಇಂತಹ ಚೆಕ್ಕು ಮರಳುವುದನ್ನು ಜನರು ‘ಬೌನ್ಸ್’ ಎನ್ನುತ್ತಾರೆ. ಪಂಚಾಯಿತಿಯ ಖಾತೆಯಲ್ಲಿ ಹಣವಿಲ್ಲವೆಂಬ ಸುದ್ದಿಯೂ ಹಬ್ಬುತ್ತದೆ. ಖಾತೆಯಲ್ಲಿನ ಹಣಕ್ಕೂ ಈ ನಿರಾಕರಣೆಗೂ ಸಂಬಂಧವಿಲ್ಲವೆಂದು ಸದಸ್ಯರು ತಿಳಿಸಿ ಹೇಳುವುದು ಒಳ್ಳೆಯದು.

ಚೆಕ್ ಪಡೆದವರು ಅದನ್ನು ಜಮೆ ಮಾಡುವ ಮೊದಲೇ ತೀರಿಕೊಂಡಿದ್ದರೆ ಮನೆಯವರು ಅದನ್ನು ತಮ್ಮ ಖಾತೆಗೆ ಹಾಕಲಾಗುವುದಿಲ್ಲ, ಮಗನಾದರೂ ಪತ್ನಿಯಾದರೂ ಅಷ್ಟೇ. ಅವರನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಸದೆ, ಚೆಕ್ಕನ್ನು ಹಿಂದಕ್ಕೆ ಪಡೆದು, ಮರಣ ಪ್ರಮಾಣ ಪತ್ರ ಮತ್ತು ವಾರಸುದಾರಿಕೆಯ ದಾಖಲೆಗಳ ಆಧಾರದ ಮೇಲೆ ವಾರಸುದಾರರ ಹೆಸರಿಗೆ ಪಾವತಿ ಮಾಡುವ ಕ್ರಮವನ್ನು ಪಂಚಾಯಿತಿ ಕೈಗೊಳ್ಳಬೇಕು.

ನಿಯಮಕ್ಕೆ ಒಂದು ವಿನಾಯಿತಿ ಇದೆ. ಹಳ್ಳಿಗಳಿಗೆ ಅದು ಉಪಯೋಗಕ್ಕೆ ಬರುವಂತಹುದು. ಬ್ಯಾಂಕಿನಲ್ಲಿ ಖಾತೆಯಿಲ್ಲದೆ ಸಹಕಾರಿ ಪತ್ತಿನ ಸಂಘದಲ್ಲಿ ಮಾತ್ರ ಖಾತೆ ಇಟ್ಟುಕೊಂಡವರು ಹಲವರಿದ್ದಾರೆ. ಸಂಘವು ತಾನೇ ತೀರುವೆ ವ್ಯವಸ್ಥೆಗೆ ಚೆಕ್ ಕಳುಹಿಸಲಾರದು, ತನ್ನ ಖಾತೆಯಿರುವ ಬ್ಯಾಂಕಿಗೆ ಹಾಕಬೇಕು. ಆಗ ಚೆಕ್ಕಿನ ಹೆಸರು ಸದಸ್ಯನದು, ಖಾತೆ ಸಂಘದ್ದು ಎಂದಾಗುತ್ತದೆ. ಈ ತೊಂದರೆಯನ್ನು ಮನಗಂಡು ರಿಸರ್ವ್ ಬ್ಯಾಂಕು, ಚೆಕ್ಕಿನಲ್ಲಿ ಹೆಸರಿರುವವರು ಆ ಸಂಘದ ಸದಸ್ಯರಾಗಿದ್ದು ಮೊತ್ತ ₹50,000 ಮೀರದಿದ್ದರೆ, ಅದನ್ನು ಸಂಘದ ಖಾತೆಗೆ ವಸೂಲು ಮಾಡಲು ಬ್ಯಾಂಕುಗಳಿಗೆ ಅವಕಾಶ ನೀಡಿತು. ಹಣವನ್ನು ಆ ಸದಸ್ಯರ ಖಾತೆಗೇ ಹಾಕುತ್ತೇವೆಂದು ಸಂಘವು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿರಬೇಕು. ಇದು ಬ್ಯಾಂಕು ಒಪ್ಪಬಹುದಾದ ಸೌಲಭ್ಯವೇ ಹೊರತು ಒಪ್ಪಲೇಬೇಕಾದದ್ದಲ್ಲ. ರಿಪೇರಿಗಾರನ ₹38,400ರ ಚೆಕ್ಕು ಈ ಮಿತಿಯೊಳಗೇ ಇತ್ತು. ಆತನಿಗೆ ಪತ್ತಿನ ಸಂಘದಲ್ಲಿ ಖಾತೆಯಿದ್ದಿದ್ದರೆ ಇದೂ ಒಂದು ದಾರಿಯಾಗುತ್ತಿತ್ತು. ಸ್ವಸಹಾಯ ಗುಂಪಿನ ಅಥವಾ ಖಾಸಗಿ ಚೀಟಿ ನಡೆಸುವವರ ಖಾತೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಕೊನೆಯದಾಗಿ, ಬ್ಯಾಂಕು ನಿರಾಕರಿಸದೆ ತಪ್ಪಾಗಿ ಬೇರೆಯವರ ಖಾತೆಗೆ ಜಮೆ ಮಾಡಿಬಿಟ್ಟರೆ ಅದು ಪಂಚಾಯಿತಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ. ಬ್ಯಾಂಕಿನ ಖಾತೆ ವಿವರದಲ್ಲಿ ಚೆಕ್ಕಿನ ಸಂಖ್ಯೆ, ದಿನಾಂಕ, ಮೊತ್ತ ಕಾಣುತ್ತವೆ. ಹಣ ಯಾರ ಖಾತೆಗೆ ಸೇರಿತೆಂಬುದು ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ತಿಂಗಳ ಕೊನೆಯ ತಾಳೆಯಲ್ಲಿ ಎಲ್ಲವೂ ಸರಿಯಾಗಿಯೇ ತೋರುತ್ತದೆ. ‘ನನಗೆ ಹಣ ಬಂದಿಲ್ಲ’ ಎಂದು ಒಬ್ಬರು ಹೇಳಿ, ಖಾತೆ ವಿವರದಲ್ಲಿ ಹಣ ಹೋಗಿರುವುದು ಕಂಡರೆ, ಅವರನ್ನು ಸುಳ್ಳುಗಾರರೆಂದು ತೀರ್ಮಾನಿಸುವ ಮೊದಲು ಪಾವತಿಯಾದ ಚೆಕ್ಕಿನ ಮುಂಭಾಗ ಮತ್ತು ಹಿಂಭಾಗದ ಚಿತ್ರಗಳನ್ನು ಪಂಚಾಯಿತಿಯ ಬ್ಯಾಂಕಿನಿಂದ ಲಿಖಿತವಾಗಿ ಕೇಳಿ ಪಡೆಯಬೇಕು. ಜಮೆ ಮಾಡಿಕೊಂಡ ಬ್ಯಾಂಕಿನ ಮುದ್ರೆ ಚಿತ್ರದಲ್ಲಿ ಸಿಗುತ್ತದೆ. ಹಿಂಭಾಗದಲ್ಲಿ ಜಮೆ ಮಾಡಿದವರು ಬರೆದ ಖಾತೆ ಸಂಖ್ಯೆಯೂ ಹಲವು ಬಾರಿ ಇರುತ್ತದೆ. ಆ ಖಾತೆ ಬೇರೆಯವರದೆಂದು ಕಂಡುಬಂದರೆ ದೂರನ್ನು ಜಮೆ ಮಾಡಿಕೊಂಡ ಬ್ಯಾಂಕಿಗೆ ನೀಡಿ, ಅದರ ಒಂದು ಪ್ರತಿಯನ್ನು ಪಂಚಾಯಿತಿಯ ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಲು ಅವಕಾಶವಿದೆ. ದೂರಿನೊಂದಿಗೆ ಚೆಕ್ಕಿನ ಎರಡೂ ಬದಿಯ ಚಿತ್ರ, ಕೌಂಟರ್‌ಫಾಯಿಲಿನ ಪ್ರತಿ ಮತ್ತು ಚೆಕ್ ವಿತರಣಾ ವಹಿಯಲ್ಲಿ ಪಡೆದವರ ಸಹಿಯಿರುವ ಪುಟದ ಪ್ರತಿಯನ್ನು ಲಗತ್ತಿಸಬೇಕು. ಚೆಕ್ಕನ್ನು ಹೆಸರಿರುವವರ ಕೈಗೇ ಕೊಟ್ಟು ವಹಿಯಲ್ಲಿ ಸಹಿ ಪಡೆಯದೆ, ಪರಿಚಿತರ ಕೈಯಲ್ಲಿ ಕಳುಹಿಸಿದ್ದರೆ ಈ ಕೊನೆಯ ದಾಖಲೆ ಸಿಗುವುದಿಲ್ಲ.